ಟನ್ ಬಿಟ್ಟು ಗಂಟೆ ಹಿಡಿದ ಮೇಲೆ ಮೀಟಿಂಗ್ ಸರಿಹೋಯಿತು

ಮಾಚೇನಹಳ್ಳಿಯ ಒಂದು ಫೌಂಡ್ರಿಯಲ್ಲಿ ನನ್ನದು ಪ್ಲಾನಿಂಗ್ ಕೆಲಸ. ಸೇಲ್ಸ್‌ನವರೂ ಉತ್ಪಾದನೆಯವರೂ ಕೂತು ತಿಂಗಳ ಪ್ಲಾನ್ ಒಪ್ಪಿಕೊಳ್ಳುವ ನಮ್ಮ ಎಸ್‌ ಅಂಡ್‌ ಒಪಿ ಮೀಟಿಂಗ್ ಅಂದರೆ ಮೊದಲು ಜಗಳವೇ. ಸೇಲ್ಸ್‌ನವರು 420 ಟನ್ ಅನ್ನುತ್ತಿದ್ದರು. ಫರ್ನೇಸ್ 450 ಕೊಡುತ್ತೆ, ಸರಿ ಅಂತ ಎಲ್ಲರೂ ಸಹಿ ಹಾಕುತ್ತಿದ್ದೆವು. 25ನೇ ತಾರೀಖು ಬಂದರೆ ಮಾಲಿಲ್ಲ. ಸ್ಪೆಷಲ್ ಗಾಡಿ ಮಾಡಿ ಕಳಿಸಿದ್ದಕ್ಕೇ ಒಂದು ವರ್ಷ ಸುಮಾರು ಒಂಬತ್ತು ಲಕ್ಷ ಹೋಯಿತು.

ನಮ್ಮನ್ನು ಕಟ್ಟಿಹಾಕಿದ್ದು ಫರ್ನೇಸ್ ಅಲ್ಲ, ಎರಕದೊಳಗೆ ಟೊಳ್ಳು ಬರಲು ಅಚ್ಚಿನಲ್ಲಿಡುವ ಮರಳಿನ ಕೋರ್ ಮಾಡುವ ಕೋರ್ ಶಾಪ್. ಅದಕ್ಕೇ ಟಾರ್ಗೆಟ್ಟನ್ನು ಕೋರ್ ಗಂಟೆಗೆ ತಿರುಗಿಸಿದೆ. "ಇದೇನ್ ಸಾರ್, ಮಾರೋಕೆ ಬಂದವ್ರಿಗೆ ಗಂಟೆ ಲೆಕ್ಕ?" ಅಂತ ಸೇಲ್ಸ್ ಮ್ಯಾನೇಜರ್ ನಕ್ಕರು.

ಆ ತಿಂಗಳ ಲೆಕ್ಕ ಹೀಗಿತ್ತು. ಕೋರ್ ಮಾಡುವ ಶೂಟರ್ ಮಷೀನ್ ಎರಡು, ಎಂಟು ಗಂಟೆಯ ಶಿಫ್ಟ್ ಎರಡು, 25 ದಿನ: 800 ಗಂಟೆ. ಬಾಕ್ಸ್ ಬದಲಾವಣೆ, ಕರೆಂಟು, ರಿಪೇರಿ ಕಳೆದರೆ 560. ವಾಲ್ವ್ ಬಾಡಿ 6,000 ಬೇಕಿತ್ತು, ಒಂದಕ್ಕೆ ಐದು ನಿಮಿಷ, ಅಂದರೆ 500 ಗಂಟೆ. ಹೌಸಿಂಗ್ 4,000, ಮೂರು ನಿಮಿಷದಂತೆ 200 ಗಂಟೆ. ಒಟ್ಟು 700. ನಾಲ್ಕು ಭಾನುವಾರ ಒಂದೊಂದು ಶಿಫ್ಟ್ ಓಡಿಸಿದರೂ ಅದೇ ಕಡಿತ ಕಳೆದು ಸಿಗೋದು 45. ಇನ್ನೂ 95 ಗಂಟೆ ಸಾಲದು.

ಇಲ್ಲಿ ಎಲ್ಲರೂ ಹೌಸಿಂಗ್ ಕಡಿಮೆ ಮಾಡಿ ಅಂದರು, ವಾಲ್ವ್ ಬಾಡಿಗೆ ರೇಟು ಜಾಸ್ತಿ ಅಲ್ವಾ. ನಾನು ಪೀಸಿನ ಲಾಭ ಬಿಟ್ಟು ಗಂಟೆಯ ಲಾಭ ತೋರಿಸಿದೆ. ವಾಲ್ವ್ ಬಾಡಿಗೆ 120 ರೂಪಾಯಿ ಉಳಿಯುತ್ತೆ, ಗಂಟೆಗೆ 12 ಪೀಸು, 1,440. ಹೌಸಿಂಗ್‌ಗೆ 90 ರೂಪಾಯಿ ಮಾತ್ರ, ಆದರೆ ಗಂಟೆಗೆ 20 ಪೀಸು, 1,800. ಕೋಣೆ ತಣ್ಣಗಾಯಿತು.

ಆಮೇಲೆ ಸೇಲ್ಸ್‌ನವರನ್ನೇ ಕೇಳಿದೆ, ಆರು ಸಾವಿರದಲ್ಲಿ ಆರ್ಡರ್ ಕೈಗೆ ಬಂದಿದ್ದೆಷ್ಟು, ಆಸೆಯದ್ದೆಷ್ಟು? ಪಕ್ಕಾ ಇದ್ದದ್ದು 4,800ರ ಆಸುಪಾಸು. 1,140 ಪೀಸನ್ನು ಮುಂದಿನ ತಿಂಗಳಿಗೆ ತಳ್ಳಿದೆವು. ಅದರಿಂದ ಉಳಿದ ಲೋಹಕ್ಕೆ ಕೋರೇ ಬೇಡದ ಬ್ರ್ಯಾಕೆಟ್ ಮಾರಲು ಅವರೇ ಹೊರಟರು. ಯಾವುದನ್ನು ತಳ್ಳಬೇಕು ಅಂತ ಅವರೇ ಆರಿಸಬೇಕು. ನಾವು ಆರಿಸಿದರೆ ಮತ್ತೆ ಜಗಳ.

ನಡುವೆ ಜಾಣತನ ಮಾಡಲು ಹೋಗಿ ಸುಟ್ಟುಕೊಂಡಿದ್ದೂ ಉಂಟು. ಬಿಡುವಿದ್ದ ಜೂನ್‌ನಲ್ಲಿ ಕೋಲ್ಡ್ ಬಾಕ್ಸ್ ಕೋರ್ ಮಾಡಿ ಗುಡ್ಡೆ ಹಾಕಿದೆ. ನಮ್ಮ ಮಳೆಗಾಲದ ಥಂಡಿ ಕುಡಿದು ಕೋರ್ ಮೆತ್ತಗಾದವು. ಎರಕದಲ್ಲಿ ಗ್ಯಾಸ್‌ನ ತೂತು, ಅಂದರೆ ಬ್ಲೋ ಹೋಲ್, ಬಂದು ಸುಮಾರು ಎರಡು ಲಕ್ಷದ ಎರಕ ಮತ್ತೆ ಫರ್ನೇಸ್‌ಗೆ ಹೋಯಿತು. ಭದ್ರಾವತಿ ಕಡೆಯಿಂದ ಕೋರ್ ತರಿಸಿಯೂ ನೋಡಿದೆ. ದಾರಿಯಲ್ಲೇ ನೂರಕ್ಕೆ ಎಂಟು ಮುರಿದವು.

ಈಗ ಸ್ಪೆಷಲ್ ಗಾಡಿ ಮೂರು ತಿಂಗಳಿಗೊಂದು. 800ರಲ್ಲಿ 560 ಅಂತ ಹೇಗೆ ಹಿಡಿಯುತ್ತೇನೆ ಅಂತ ಎಲ್ಲರೂ ಕೇಳುತ್ತಾರೆ. ಅದರೊಳಗೆ ಒಂದಿಷ್ಟು ಗಂಟೆ ಬಚ್ಚಿಟ್ಟಿರುತ್ತೇನೆ. ಎಷ್ಟು ಅಂತ ನಮ್ಮ ಸೇಲ್ಸ್‌ನವರು ಇದನ್ನು ಓದಿದರೂ ಗೊತ್ತಾಗಬಾರದು.