ಉದ್ದ ಹೆಸರಿಗೆ ಅಡ್ಡ ಪಟ್ಟಿ: ಓದಲು ಬರುವ ಚಾರ್ಟ್ ಮಾಡುವುದು ಹೇಗೆ?

ಧಾರವಾಡದಲ್ಲಿ ಪ್ರಾಜೆಕ್ಟ್ ವರದಿ ಒಪ್ಪಿಸುವ ಸಮಯ ಬಂತೆಂದರೆ ಡಿಟಿಪಿ ಅಂಗಡಿಗಳಲ್ಲಿ ಒಂದೇ ತರಹದ ಚಾರ್ಟ್ ಕಾಣುತ್ತದೆ. ಮೇಲೆ ಚೆಂದದ ನೀಲಿ ಕಂಬಗಳು, ಕೆಳಗೆ ಓರೆಯಾಗಿ ಬಿದ್ದ ಹೆಸರುಗಳು. ಅರ್ಧ ಹೆಸರು ಕತ್ತರಿಸಿ ಮೂರು ಚುಕ್ಕಿ ಬಂದಿರುತ್ತದೆ. ಇನ್ನು ಕೆಲವು ಹೆಸರುಗಳು ಕಾಣುವುದೇ ಇಲ್ಲ. ಗೈಡ್ ಕತ್ತು ವಾರೆ ಮಾಡಿ ನೋಡಿ, "ಇದನ್ನ ಹೆಂಗ್ ಓದೂದಪಾ?" ಅನ್ನುತ್ತಾರೆ. ಹುಡುಗರು ಹೋಗಿ ಅಕ್ಷರದ ಅಳತೆಯನ್ನು 6ಕ್ಕೆ ಇಳಿಸಿಕೊಂಡು ಬರುತ್ತಾರೆ. ಅಲ್ಲಿಗೆ ಇದ್ದದ್ದೂ ಕೆಟ್ಟಿತು.

ಒಂದು ಉದಾಹರಣೆ ಹಿಡಿದು ಹೋಗೋಣ. ಹಾವೇರಿ ಜಿಲ್ಲೆಯ ಮೆಣಸಿನಕಾಯಿ ಬೆಳೆಗಾರರಿಗೆ, "ಬ್ಯಾಡಗಿ ಮಾರುಕಟ್ಟೆಗೆ ಮಾಲು ತರುವಾಗ ನಿಮಗಿರುವ ತೊಂದರೆ ಏನು?" ಎಂದು ಕೇಳಿದ್ದೀರಿ ಅಂದುಕೊಳ್ಳಿ. ಏಳು ಉತ್ತರ ಬಂದಿವೆ. ಪಕ್ಕದ ಅಂಕಿಗಳು ಚಾರ್ಟ್ ತೋರಿಸಲಿಕ್ಕೆ ನಾನೇ ಹಾಕಿಕೊಂಡವು, ಯಾವ ಸಮೀಕ್ಷೆಯವೂ ಅಲ್ಲ.

ತೇವಾಂಶದ ಕಾರಣ ಹೇಳಿ ದರ ಇಳಿಸುತ್ತಾರೆ – 41
ಊರಿಂದ ಮಾರುಕಟ್ಟೆಗೆ ಸಾಗಿಸುವ ಖರ್ಚು ಜಾಸ್ತಿ – 34
ಕೊಯ್ಲಿನ ಹೊತ್ತಿಗೆ ಕೂಲಿ ಆಳು ಸಿಗುವುದಿಲ್ಲ – 28
ಕೋಲ್ಡ್ ಸ್ಟೋರೇಜ್‌ನಲ್ಲಿ ಜಾಗ ಸಿಗುವುದಿಲ್ಲ – 22
ಮಾರಿದ ಹಣ ಕೈಸೇರಲು ತಡವಾಗುತ್ತದೆ – 17
ಒಣಗಿಸಲು ಕಣ ಇಲ್ಲ – 9
ಇತರೆ – 5

ಮೊದಲು ಕಂಬ ಬಿಡಿ

ಎ4 ಹಾಳೆಯಲ್ಲಿ ಎರಡೂ ಬದಿ ಒಂದೊಂದು ಇಂಚು ಅಂಚು ಬಿಟ್ಟರೆ ಉಳಿಯುವುದು ಸುಮಾರು 16 ಸೆಂ.ಮೀ. ಏಳು ಕಂಬ ನಿಲ್ಲಿಸಿದರೆ ಒಂದೊಂದು ಹೆಸರಿಗೆ ಸಿಗುವುದು 2 ಸೆಂ.ಮೀ.ನಷ್ಟು ಜಾಗ. 10 ಪಾಯಿಂಟ್ ಅಕ್ಷರದಲ್ಲಿ "ಸ್ಟೋರೇಜ್‌ನಲ್ಲಿ" ಎಂಬ ಒಂದು ಪದಕ್ಕೇ ಅಷ್ಟು ಜಾಗ ಹೋಗುತ್ತದೆ. ಎಕ್ಸೆಲ್ ಬೇರೆ ದಾರಿಯಿಲ್ಲದೆ ಹೆಸರನ್ನು ಓರೆ ಮಾಡುತ್ತದೆ. ಅದೂ ಸಾಲದಿದ್ದರೆ ಕತ್ತರಿಸುತ್ತದೆ, ಇಲ್ಲವೇ ಒಂದು ಬಿಟ್ಟು ಒಂದು ಹೆಸರು ತೋರಿಸುತ್ತದೆ. ಕನ್ನಡದಲ್ಲಿ ವಿಭಕ್ತಿ, ಕ್ರಿಯಾಪದದ ಪ್ರತ್ಯಯ ಎಲ್ಲ ಪದಕ್ಕೇ ಅಂಟಿಕೊಳ್ಳುವುದರಿಂದ ಪದಗಳೇ ಉದ್ದ. ಹಾಗಾಗಿ ಈ ತೊಂದರೆ ನಮಗೆ ಬೇಗ ಎದುರಾಗುತ್ತದೆ.

ಕಂಬಗಳನ್ನು ಅಡ್ಡ ಮಲಗಿಸಿದರೆ ಹೆಸರು ಎಡಗಡೆ ನೇರವಾಗಿ, ನಾವು ಓದುವ ದಿಕ್ಕಿನಲ್ಲೇ ಕೂರುತ್ತದೆ. 5–6 ಸೆಂ.ಮೀ. ಜಾಗ ಆರಾಮಾಗಿ ಕೊಡಬಹುದು. ಆದರೆ ವರ್ಷ, ತಿಂಗಳು ಇದ್ದ ಕಡೆ ಹೀಗೆ ಮಾಡಬೇಡಿ. ಕಾಲ ಎಡದಿಂದ ಬಲಕ್ಕೆ ಸಾಗಿದರೇ ಓದಲು ಸರಿ. ಅಲ್ಲಿ ಹೆಸರುಗಳೂ ಚಿಕ್ಕವು, ಕಂಬವೇ ಇರಲಿ.

ನುಡಿ ಫಾಂಟ್ ಇದ್ದರೆ ಮೊದಲು ಬದಲಿಸಿ

ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಹಾಳೆಯಿಂದ ಚಾರ್ಟ್ ಮಾಡಿದರೆ ಹೆಸರಿನ ಜಾಗದಲ್ಲಿ `PÀ£ÀßqÀ` ತರಹದ ಅಕ್ಷರ ಬರುತ್ತವೆ. ಫೈಲ್ ಕೆಟ್ಟಿತೆಂದು ಗಾಬರಿ ಬೇಡ. ಸೆಲ್‌ಗೆ ಹಾಕಿದ ಫಾಂಟ್ ಚಾರ್ಟಿಗೆ ತಾನಾಗಿ ಹೋಗುವುದಿಲ್ಲ, ಅಷ್ಟೇ. ಚಾರ್ಟಿನ ಹೆಸರುಗಳಿಗೂ ನುಡಿ ಫಾಂಟ್ ಹಾಕಿದರೆ ಸದ್ಯಕ್ಕೆ ಸರಿಕಾಣುತ್ತದೆ, ಆದರೆ ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದ ಕೂಡಲೇ ಮತ್ತೆ ಅದೇ ಕಥೆ. ಯೂನಿಕೋಡ್‌ಗೆ ಬದಲಿಸಿಕೊಂಡು Nirmala UI ಅಥವಾ Noto Sans Kannada ಹಾಕಿ. Tunga ನನಗೆ ಸೇರುವುದಿಲ್ಲ. ಅದೇ 10 ಪಾಯಿಂಟಿನಲ್ಲಿ ಅಕ್ಷರ ಬಹಳ ಸಣ್ಣದಾಗಿ ಕಾಣುತ್ತದೆ, ಝೆರಾಕ್ಸ್ ಆದ ಮೇಲೆ ಒತ್ತಕ್ಷರ ತಿಳಿಯುವುದೇ ಇಲ್ಲ.

ಸಾಲು ಮುರಿಯುವುದು: ಎಡವುವುದು ಇಲ್ಲೇ

ಅಡ್ಡ ಪಟ್ಟಿ ಹಾಕಿದ ಮೇಲೂ ಉದ್ದ ಹೆಸರನ್ನು ಎರಡು ಸಾಲು ಮಾಡಬೇಕಾಗುತ್ತದೆ. ಎಕ್ಸೆಲ್ ತಾನೇ ಮಾಡುತ್ತದಲ್ವಾ ಅಂತ ಬಿಟ್ಟರೆ ಅದು ಜಾಗ ತುಂಬಿದ ಕಡೆ ಮುರಿಯುತ್ತದೆ, ಅರ್ಥ ನೋಡುವುದಿಲ್ಲ. "ಕೋಲ್ಡ್ ಸ್ಟೋರೇಜ್‌ನಲ್ಲಿ ಜಾಗ" ಮೇಲೆ, "ಸಿಗುವುದಿಲ್ಲ" ಒಂದೇ ಕೆಳಗೆ. ಓದುವವರ ಕಣ್ಣಿಗೆ ಮೊದಲು ಬೀಳುವುದು ಜಾಗ ಇದೆ ಅನ್ನುವಂತೆ! "ಕೋಲ್ಡ್ ಸ್ಟೋರೇಜ್‌ನಲ್ಲಿ" ಒಂದು ಸಾಲು, "ಜಾಗ ಸಿಗುವುದಿಲ್ಲ" ಇನ್ನೊಂದು ಸಾಲು ಆಗಬೇಕು. ಬಾಯಲ್ಲಿ ಹೇಳಿ ನೋಡಿ. ಎಲ್ಲಿ ಸ್ವಲ್ಪ ತಡೆಯುತ್ತೀರೋ ಅಲ್ಲೇ ಮುರಿಯಿರಿ. ಹಾಗೆ ಮಾಡಿದರೆ ಹೆಸರುಗಳು ಹೀಗಾಗುತ್ತವೆ. ಗೆರೆ ಇದ್ದಲ್ಲಿ ಸಾಲು ಮುರಿಯಬೇಕು ಎಂದರ್ಥ.

ತೇವಾಂಶದ ಕಾರಣ ಹೇಳಿ|ದರ ಇಳಿಸುತ್ತಾರೆ
ಊರಿಂದ ಮಾರುಕಟ್ಟೆಗೆ|ಸಾಗಿಸುವ ಖರ್ಚು ಜಾಸ್ತಿ
ಕೊಯ್ಲಿನ ಹೊತ್ತಿಗೆ|ಕೂಲಿ ಆಳು ಸಿಗುವುದಿಲ್ಲ
ಕೋಲ್ಡ್ ಸ್ಟೋರೇಜ್‌ನಲ್ಲಿ|ಜಾಗ ಸಿಗುವುದಿಲ್ಲ
ಮಾರಿದ ಹಣ ಕೈಸೇರಲು|ತಡವಾಗುತ್ತದೆ

"ಒಣಗಿಸಲು ಕಣ ಇಲ್ಲ", "ಇತರೆ" ಎರಡೂ ಚಿಕ್ಕವು, ಹಾಗೇ ಇರಲಿ. ಎಲ್ಲವೂ ಎರಡು ಸಾಲೇ ಆಗಬೇಕೆಂಬ ಹಟ ಬೇಡ. ಮೂರನೇ ಸಾಲು ಮಾತ್ರ ಬೇಡವೇ ಬೇಡ. ಮೂರು ಸಾಲು ಬೇಕಾಗುತ್ತಿದ್ದರೆ ಹೆಸರನ್ನೇ ಚಿಕ್ಕದು ಮಾಡಬೇಕು, ಇಡೀ ವಾಕ್ಯವನ್ನು ಅನುಬಂಧದಲ್ಲಿ ಕೊಡಬೇಕು. ಮೂರು ಸಾಲಿನಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಪಕ್ಕದ ಪಟ್ಟಿಯ ಹೆಸರು ಎಲ್ಲಿ ಶುರುವಾಯಿತೆಂದೂ ತಿಳಿಯುವುದಿಲ್ಲ.

ಈಗ ಇದನ್ನು ಹಾಳೆಯಲ್ಲಿ ಮಾಡುವುದು ಹೇಗೆ? ಬಹಳ ಜನ ಸೆಲ್ ಒಳಗೇ ಹೋಗಿ Alt+Enter ಒತ್ತುತ್ತಾರೆ. ಚಾರ್ಟಿನಲ್ಲಿ ಸಾಲು ಮುರಿಯುತ್ತದೆ, ನಿಜ. ಆದರೆ ಆ ಸೆಲ್‌ನಲ್ಲಿ ಈಗ ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಕೊಂಡಿತು. ರೈತರ ಉತ್ತರಗಳ ಹಾಳೆಯಿಂದ `COUNTIF` ಹಾಕಿ ಎಣಿಸುತ್ತಿದ್ದರೆ, ಅಲ್ಲಿನ ಉತ್ತರವೂ ಇಲ್ಲಿನ ಹೆಸರೂ ಇನ್ನು ಹೊಂದುವುದಿಲ್ಲ. ಎಣಿಕೆ 0 ಆಗುತ್ತದೆ, ಚಾರ್ಟಿನಿಂದ ಒಂದು ಪಟ್ಟಿ ಮಾಯವಾಗುತ್ತದೆ. ಹೆಸರು ಇದೆ, ಪಟ್ಟಿ ಇಲ್ಲ ಅಂದರೆ ಮೊದಲು ಇದನ್ನೇ ಅನುಮಾನಿಸಿ.

ಆದ್ದರಿಂದ ಮೂಲ ಹೆಸರನ್ನು ಮುಟ್ಟಬೇಡಿ. ನಾಲ್ಕು ಕಾಲಮ್ ಮಾಡಿಕೊಳ್ಳಿ. A ಯಲ್ಲಿ ಮೂಲ ಹೆಸರು. B ಯಲ್ಲಿ ಮೇಲೆ ಬರೆದ ಹಾಗೆ ಗೆರೆ ಹಾಕಿದ ಹೆಸರು. ಗೆರೆಯ ಆಚೆ ಈಚೆ ಖಾಲಿ ಜಾಗ ಬಿಡಬೇಡಿ. C ಯಲ್ಲಿ ಆ ಗೆರೆಯನ್ನು ಸಾಲು ಮುರಿತವಾಗಿ ಬದಲಿಸುವ ಸೂತ್ರ. D ಯಲ್ಲಿ ಎಣಿಕೆ, ಅದು ಮಾತ್ರ A ಯನ್ನೇ ನೋಡಬೇಕು. ಉತ್ತರಗಳ ಹಾಳೆಗೆ Uttara ಎಂದು ಹೆಸರಿಟ್ಟು, ಒಂದೊಂದು ಸೆಲ್‌ನಲ್ಲಿ ಒಂದೊಂದೇ ಉತ್ತರ ಇದ್ದರೆ C2 ಮತ್ತು D2 ಸೂತ್ರಗಳು ಇವು:

```
=SUBSTITUTE(B2,"|",CHAR(10))
=COUNTIF(Uttara!$B$2:$H$400,A2)
```

ಕೆಳಗಿನ ಸಾಲುಗಳಿಗೂ ಎಳೆಯಿರಿ. C ಕಾಲಮಿನಲ್ಲಿ ಎರಡು ತುಂಡು ಅಂಟಿಕೊಂಡಂತೆ ಕಾಣಬಹುದು. ಚಿಂತೆಯಿಲ್ಲ, ಚಾರ್ಟಿನಲ್ಲಿ ಸಾಲು ಮುರಿದೇ ಬರುತ್ತದೆ.

ಗೆರೆ ಹಾಕುವ ಬೇಸರಕ್ಕೆ ಒಂದು ಅಡ್ಡದಾರಿ ಇದೆ. `=SUBSTITUTE(A2," ",CHAR(10),2)` ಬರೆದರೆ ಎರಡನೇ ಪದದ ನಂತರ ಮುರಿಯುತ್ತದೆ. ನಮ್ಮ ಪಟ್ಟಿಯಲ್ಲಿ "ಕೋಲ್ಡ್ ಸ್ಟೋರೇಜ್‌ನಲ್ಲಿ" ಚೆನ್ನಾಗಿ ಬರುತ್ತದೆ. ಆದರೆ ತೇವಾಂಶದ ಸಾಲಿನಲ್ಲಿ "ತೇವಾಂಶದ ಕಾರಣ" ಮೇಲೆ ಉಳಿದು "ಹೇಳಿ ದರ ಇಳಿಸುತ್ತಾರೆ" ಕೆಳಗೆ ಹೋಗುತ್ತದೆ. "ಒಣಗಿಸಲು ಕಣ / ಇಲ್ಲ" ಅಂತೂ ಸುಮ್ನೆ ಮುರಿದಂತಾಯಿತು. ಏಳೆಂಟು ಹೆಸರಿದ್ದರೆ ಕೈಯಿಂದಲೇ ಗೆರೆ ಹಾಕಿ.

ಚಾರ್ಟ್ ಹಾಕುವುದು

D ನೋಡಿ ದೊಡ್ಡದರಿಂದ ಚಿಕ್ಕದಕ್ಕೆ ಸಾಲುಗಳನ್ನು ಜೋಡಿಸಿ. "ಇತರೆ" ಅಂಕಿ ಎಷ್ಟೇ ಇರಲಿ, ಕೊನೆಯಲ್ಲೇ ಇರಬೇಕು. C ಮತ್ತು D ಆರಿಸಿ Insert ನಲ್ಲಿ Clustered Bar ಹಾಕಿ. 3-D ಮುಟ್ಟಬೇಡಿ, ಪಟ್ಟಿಯ ತುದಿ ಎಲ್ಲಿದೆ ಎಂಬುದೇ ಅದರಲ್ಲಿ ತಿಳಿಯುವುದಿಲ್ಲ.

ಹಾಕಿದ ಕೂಡಲೇ ಪಟ್ಟಿ ತಲೆಕೆಳಗಾಗಿರುತ್ತದೆ, "ಇತರೆ" ಮೇಲೆ, ತೇವಾಂಶ ಕೆಳಗೆ. ಎಕ್ಸೆಲ್ ಕೆಳಗಿನಿಂದ ಎಣಿಸುವುದೇ ಇದಕ್ಕೆ ಕಾರಣ. ಹೆಸರುಗಳ ಮೇಲೆ ಕ್ಲಿಕ್ ಮಾಡಿ Ctrl+1 ಒತ್ತಿ, Categories in reverse order ಗೆ ಟಿಕ್ ಹಾಕಿ. ಕೆಳಗಿದ್ದ ಅಂಕಿಗಳ ಅಕ್ಷ ಈಗ ಮೇಲಕ್ಕೆ ಹಾರುತ್ತದೆ. ಅದನ್ನು ಕೆಳಗಿಳಿಸುವ ಕಸರತ್ತು ಬೇಡ. ಅಳಿಸಿಬಿಟ್ಟು, ಪಟ್ಟಿಗಳ ತುದಿಗೆ Data Labels ಹಾಕಿ. ಪಟ್ಟಿಗಳ ಹಿಂದೆ ಕಾಣುವ Gridlines ಕೂಡ ತೆಗೆಯಿರಿ. ಅಳಿಸುವ ಮೊದಲು ಆ ಅಕ್ಷ 0 ಯಿಂದಲೇ ಶುರುವಾಗಿದೆಯೇ ನೋಡಿಕೊಳ್ಳಿ.

ಅದೇ Format Axis ಕಿಟಕಿಯಲ್ಲಿ Labels ಕೆಳಗೆ Specify interval unit ಅನ್ನು 1 ಮಾಡಿ. ಇದನ್ನು ಬಿಟ್ಟರೆ ಚಾರ್ಟ್ ಚಿಕ್ಕದು ಮಾಡಿದಾಗ ಹೆಸರುಗಳು ಒಂದು ಬಿಟ್ಟು ಒಂದು ಕಾಣೆಯಾಗುತ್ತವೆ.

ಇಷ್ಟಾದರೂ ಹೆಸರು ಕತ್ತರಿಸುತ್ತಿದ್ದರೆ ಫಾಂಟ್ ಇಳಿಸಬೇಡಿ. ಪಟ್ಟಿಗಳ ಹಿಂದಿನ ಖಾಲಿ ಜಾಗದ ಮೇಲೆ ಕ್ಲಿಕ್ ಮಾಡಿದರೆ Plot Area ಆಯ್ಕೆಯಾಗುತ್ತದೆ. ಅದರ ಎಡ ಅಂಚನ್ನು ಹಿಡಿದು ಬಲಕ್ಕೆ ಎಳೆಯಿರಿ. ಪಟ್ಟಿಗಳು ಸ್ವಲ್ಪ ಗಿಡ್ಡ ಆಗುತ್ತವೆ, ಹೆಸರಿಗೆ ಜಾಗ ಸಿಗುತ್ತದೆ. ಚಾರ್ಟಿನ ಮೂರನೇ ಒಂದು ಭಾಗ ಹೆಸರಿಗೆ ಹೋದರೂ ನಷ್ಟವಿಲ್ಲ. ಅರ್ಧ ಹೋಗುತ್ತಿದ್ದರೆ ಹೆಸರೇ ಜಾಸ್ತಿ ಉದ್ದ ಎಂದರ್ಥ.

ಒಂದೇ ಹೆಸರು ಉದ್ದ ಇದ್ದಾಗ ಲೆಕ್ಕ ಬೇರೆ. ಉದ್ದದ ರೈಲು ಪ್ಲಾಟ್‌ಫಾರ್ಮ್‌ಗಳ ಚಾರ್ಟ್ ಮಾಡುತ್ತೀರಿ ಅನ್ನಿ. ನಮ್ಮ ಹುಬ್ಬಳ್ಳಿಯದು 1507 ಮೀಟರ್, ಗೋರಖ್‌ಪುರದ್ದು ಸುಮಾರು 1366 ಮೀಟರ್. "ಶ್ರೀ ಸಿದ್ಧಾರೂಢ ಸ್ವಾಮೀಜಿ ಹುಬ್ಬಳ್ಳಿ ರೈಲು ನಿಲ್ದಾಣ" ಎಂದು ಪೂರ್ತಿ ಹಾಕಿದರೆ ಆ ಒಂದು ಹೆಸರಿಗಾಗಿ ಎಲ್ಲ ಪಟ್ಟಿಗಳೂ ಗಿಡ್ಡ ಆಗಬೇಕು. ಚಾರ್ಟಿನಲ್ಲಿ "ಹುಬ್ಬಳ್ಳಿ" ಸಾಕು, ಪೂರ್ತಿ ಹೆಸರನ್ನು ಕೆಳಗಿನ ವಿವರಣೆಯಲ್ಲಿ ಗೌರವದಿಂದ ಬರೆಯಿರಿ. ಇದನ್ನೇ ನೆಪ ಮಾಡಿಕೊಂಡು ಉತ್ತರಗಳಿಗೆ "ಕಾ-1, ಕಾ-2" ಅಂತ ಸಂಕೇತ ಕೊಟ್ಟು ಕೆಳಗೆ ಪಟ್ಟಿ ಮಾಡುವುದು ಮಾತ್ರ ಬೇಡ. ಓದುವವರು ಏಳು ಸಲ ಕೆಳಗೆ ಮೇಲೆ ನೋಡಬೇಕಾಗುತ್ತದೆ.

ಅಳತೆ, ಕೊನೆಗೆ ಪ್ರಿಂಟ್

ಪಟ್ಟಿಗಳ ನಡುವಿನ ಅಂತರ, ಅಂದರೆ Gap Width ಅನ್ನು 50–60% ಮಾಡಿ. ತಾನಾಗಿ ಬರುವ 182% ನಲ್ಲಿ ಪಟ್ಟಿಗಳು ಕಡ್ಡಿಯಂತೆ ತೆಳ್ಳಗಿರುತ್ತವೆ. ಚಾರ್ಟಿನ ಅಗಲ 15 ಸೆಂ.ಮೀ., ಎತ್ತರ 10 ಸೆಂ.ಮೀ. ಎಂದು ಎಕ್ಸೆಲ್‌ನಲ್ಲೇ Format ಗೆ ಹೋಗಿ ಕೊಡಿ. ಎರಡು ಸಾಲಿನ ಹೆಸರಿಗೆ ಒಂದು ಸೆಂ.ಮೀ.ಗಿಂತ ಸ್ವಲ್ಪ ಜಾಸ್ತಿ ಎತ್ತರ ಬೇಕು, ಏಳು ಪಟ್ಟಿಗೆ ಇದು ಸರಿಹೋಗುತ್ತದೆ. ಹತ್ತು ಪಟ್ಟಿ ಇದ್ದರೆ ಎತ್ತರ 14 ಮಾಡಿ. ವರ್ಡ್‌ಗೆ ಹಾಕಿದ ಮೇಲೆ ಅಂಚು ಹಿಡಿದು ಎಳೆದರೆ ಜಾಗದ ಲೆಕ್ಕವೆಲ್ಲ ತಪ್ಪಿ ಸಾಲುಗಳು ಮತ್ತೆ ಎಲ್ಲೆಂದರಲ್ಲಿ ಮುರಿಯುತ್ತವೆ.

ಲಿಬ್ರೆಆಫೀಸ್ ಬಳಸುವವರಿಗೂ ದಾರಿ ಇದೇ. Bar ಆರಿಸಿ, ಅಕ್ಷದ Scale ನಲ್ಲಿ Reverse direction ಹಾಕಿ. ಪುಕ್ಕಟೆ ಚಾರ್ಟ್ ಮಾಡಿಕೊಡುವ ಕೆಲವು ಜಾಲತಾಣಗಳಲ್ಲಿ ಮಾತ್ರ ಕನ್ನಡದ ಒತ್ತಕ್ಷರ ಬಿಡಿಯಾಗಿ ಪಕ್ಕಕ್ಕೆ ಬೀಳುತ್ತದೆ. "ಕೊಯ್ಲು", "ಮಾರುಕಟ್ಟೆ" ಎರಡು ಪದ ಹಾಕಿ ನೋಡಿ, ಯ ಕೆಳಗಿನ ಲ, ಟ ಕೆಳಗಿನ ಟ ಸರಿಯಾಗಿ ಕೂತರೆ ಮಾತ್ರ ಮುಂದುವರಿಯಿರಿ.

ಬೈಂಡಿಂಗ್‌ಗೆ ಕೊಡುವ ಮೊದಲು ಆ ಒಂದು ಪುಟವನ್ನು ಕಪ್ಪು ಬಿಳುಪಿನಲ್ಲಿ ಪ್ರಿಂಟ್ ತೆಗೆದು, ಅದನ್ನು ಒಮ್ಮೆ ಝೆರಾಕ್ಸ್ ಮಾಡಿಸಿ. "ಸ್ಟೋರೇಜ್‌ನಲ್ಲಿ" ಪದದ ಟ ಒತ್ತು ಝೆರಾಕ್ಸ್ ಪ್ರತಿಯಲ್ಲೂ ಬಿಡಿಸಿ ಕಂಡರೆ ಕೊಡಿ. ಕಲೆಸಿದಂತೆ ಕಂಡರೆ ಅಕ್ಷರವನ್ನು 11ಕ್ಕೆ ಏರಿಸಿ, ಎತ್ತರ ಒಂದು ಸೆಂ.ಮೀ. ಹೆಚ್ಚಿಸಿ.