ತನಿಖೆ ಮಾಡಿದವರೇ ತೀರ್ಪು ಕೊಟ್ಟರೆ ಆಕ್ಷೇಪಣೆ ಎತ್ತುವುದು ಹೇಗೆ?

ಸೆಬಿ ಥರದ ನಿಯಂತ್ರಣ ಸಂಸ್ಥೆಗಳಿಂದ ಶೋಕಾಸ್ ನೋಟಿಸ್ ಬಂದಾಗ ಜನ ಬರೆಯುವ ಉತ್ತರಗಳನ್ನು ಓದಿ ಓದಿ ಬೇಸರವಾಗಿದೆ. ‘ತನಿಖೆ ನಿಮ್ಮದೇ, ಆರೋಪ ನಿಮ್ಮದೇ, ತೀರ್ಪೂ ನಿಮ್ಮದೇ, ಆದ್ದರಿಂದ ಇದು ಪಕ್ಷಪಾತ’ ಅಂತ ಒಂದು ಸಾಲು ಬರೆದು ಮುಗಿಸಿರುತ್ತಾರೆ. ಇಂಟರ್‌ನೆಟ್‌ನಲ್ಲಿ ಸಿಗುವ ರೆಡಿಮೇಡ್ ಡ್ರಾಫ್ಟ್‌ಗಳಲ್ಲೂ ಇದೇ ಸಾಲು. ದಯವಿಟ್ಟು ಅವುಗಳನ್ನು ಬಳಸಬೇಡಿ. ಆ ಸಾಲು ನಿಲ್ಲುವುದಿಲ್ಲ.

ಯಾಕೆ ಅಂದರೆ, ಮೂರೂ ಕೆಲಸವನ್ನು ಒಂದೇ ಸಂಸ್ಥೆಗೆ ಕೊಟ್ಟಿರುವುದು ಕಾನೂನೇ. ಹಾಗಾಗಿ ಮೊದಲ ಹೆಜ್ಜೆ ಸುಲಭ: ಕಾಯ್ದೆ ತೆರೆದು, ಯಾವ ಕೆಲಸ ಯಾರದು ಅಂತ ಬರೆದುಕೊಳ್ಳಿ. ಕಾಯ್ದೆ ಒಪ್ಪಿದ್ದರೆ, ಕೆಲಸಗಳು ಒಂದೇ ಸೂರಿನಡಿ ಇವೆ ಅನ್ನುವುದಷ್ಟೇ ದೋಷವಾಗುವುದಿಲ್ಲ. ಕೆನಡಾದ ಸುಪ್ರೀಂ ಕೋರ್ಟ್ 1989ರಲ್ಲೇ, ಆಲ್ಬರ್ಟಾದ ಷೇರು ನಿಯಂತ್ರಣ ಆಯೋಗದ ಪ್ರಕರಣದಲ್ಲಿ ಹೀಗೆ ಹೇಳಿದೆ.

ಎಲ್ಲರೂ ಎಡವುವುದು ಎರಡನೇ ಹೆಜ್ಜೆಯಲ್ಲಿ. ನೋಡಬೇಕಾದ್ದು ಸಂಸ್ಥೆಯ ಹೆಸರನ್ನಲ್ಲ, ಫೈಲ್ ಯಾರ ಯಾರ ಕೈ ದಾಟಿ ಬಂತು ಅನ್ನುವುದನ್ನು. ಒಂದು ದೊಡ್ಡ ಹಾಳೆ ತೆಗೆದುಕೊಂಡು, ಪೆನ್ಸಿಲ್‌ನಲ್ಲೇ, ಐದು ಗೆರೆ ಎಳೆಯಿರಿ: ತನಿಖೆ ಶುರು ಮಾಡಿದವರು, ತನಿಖೆ ಮಾಡಿದವರು, ನೋಟಿಸ್ ಕೊಡಲು ಒಪ್ಪಿದವರು, ವಿಚಾರಣೆಯಲ್ಲಿ ಸಂಸ್ಥೆಯ ಪರ ವಾದಿಸಿದವರು, ಆದೇಶ ಬರೆದವರು. ಪ್ರತಿ ಗೆರೆಯ ಮೇಲೆ ವ್ಯಕ್ತಿಯ ಹೆಸರು, ಹುದ್ದೆ ಬರೆಯಿರಿ. ಒಂದೇ ಹೆಸರು ಎರಡು ಗೆರೆಯಲ್ಲಿ ಬಂದರೆ ಅಲ್ಲಿ ಗುರುತು ಹಾಕಿ.

ಇದು ಎಷ್ಟು ಕೆಲಸಕ್ಕೆ ಬರುತ್ತದೆ ಅನ್ನುವುದು ಕೆನಡಾದ ಕ್ವಿಬೆಕ್‌ನ ಒಂದು ಪ್ರಕರಣದಲ್ಲಿ ಕಾಣುತ್ತದೆ. ಸುತ್ತಮುತ್ತಲಿನ ನೆಮ್ಮದಿ ಕೆಡುತ್ತಿದೆ ಅಂತ ಅಲ್ಲಿನ ಮದ್ಯ ಪರವಾನಗಿ ಮಂಡಳಿ ಒಂದು ಕಂಪನಿಯ ಪರವಾನಗಿ ರದ್ದು ಮಾಡಿತು. ಕಂಪನಿ ಸುಪ್ರೀಂ ಕೋರ್ಟ್‌ವರೆಗೂ ಹೋಯಿತು. 1996ರಲ್ಲಿ ಕೋರ್ಟ್ ನೋಡಿದ್ದು ಮಂಡಳಿಯ ವಕೀಲರನ್ನು. ಫೈಲ್ ಓದಿ ಕ್ರಮ ಬೇಕೋ ಬೇಡವೋ ಅಂತ ಸಲಹೆ ಕೊಡುವವರು ಅವರು, ನೋಟಿಸ್ ತಯಾರಿಸುವವರು ಅವರು, ವಿಚಾರಣೆಯಲ್ಲಿ ಪರವಾನಗಿದಾರರ ವಿರುದ್ಧ ವಾದಿಸುವವರೂ ಅವರು. ಅಷ್ಟಕ್ಕೇ ನಿಲ್ಲಲಿಲ್ಲ. ತೀರ್ಪು ಕೊಡುವ ನಿರ್ದೇಶಕರಿಗೆ ಸಲಹೆ ಕೊಡುವವರೂ ಅದೇ ವಿಭಾಗದ ವಕೀಲರು. ಇವರಿವರ ಕೆಲಸ ಬೇರೆ ಅಂತ ಕಾಯ್ದೆಯಲ್ಲೂ ಇರಲಿಲ್ಲ, ಬೇರ್ಪಡಿಸಿದ್ದಕ್ಕೆ ಸಾಕ್ಷ್ಯವೂ ಇರಲಿಲ್ಲ. ಜೊತೆಗೆ, ವಿಚಾರಣೆ ನಡೆಸಬೇಕು ಅಂತ ನಿರ್ಧರಿಸಿದ ನಿರ್ದೇಶಕರೇ ಆಮೇಲೆ ಪೀಠದಲ್ಲಿ ಕೂರದಂತೆ ತಡೆಯುವ ನಿಯಮವೂ ಇರಲಿಲ್ಲ. ಆದೇಶ ಬಿದ್ದುಹೋಯಿತು. ಯಾವ ವಕೀಲರೂ ಕೆಟ್ಟ ಮನಸ್ಸಿನಿಂದ ನಡೆದುಕೊಂಡರು ಅಂತ ಸಾಬೀತು ಮಾಡಬೇಕಾಗಲಿಲ್ಲ, ಇದನ್ನು ಗಮನಿಸಿ.

ಮೂರನೇ ಹೆಜ್ಜೆ, ಗುರುತು ಬಿದ್ದ ಜಾಗದ ಬಗ್ಗೆ ಆ ಕೋರ್ಟ್ ಕೇಳಿದ ಪ್ರಶ್ನೆಯನ್ನೇ ಕೇಳುವುದು: ವ್ಯವಸ್ಥೆ ಹೇಗೆ ನಡೆಯುತ್ತದೆ ಅಂತ ಚೆನ್ನಾಗಿ ಗೊತ್ತಿರುವ, ಸಮಾಧಾನವಾಗಿ ಯೋಚಿಸುವ ವ್ಯಕ್ತಿಗೆ, ನಿಮ್ಮ ಒಂದು ಕೇಸಿನಲ್ಲಿ ಮಾತ್ರ ಅಲ್ಲ, ಸಾಕಷ್ಟು ಕೇಸುಗಳಲ್ಲಿ ಪಕ್ಷಪಾತದ ಅನುಮಾನ ಬರುತ್ತದಾ? ಬಂದರೆ ಅದು ಸಾಂಸ್ಥಿಕ ಪಕ್ಷಪಾತ. ಒಬ್ಬ ಅಧಿಕಾರಿ ನಿಮ್ಮ ಮೇಲೆ ಸಿಟ್ಟಾಗಿದ್ದರೆ ಅದು ಬೇರೆ ಆಕ್ಷೇಪಣೆ. ಎರಡನ್ನೂ ಒಂದೇ ಪ್ಯಾರಾದಲ್ಲಿ ಕಲಸಿದರೆ ಎರಡೂ ಕೆಡುತ್ತವೆ. ಕೆನಡಾದ ತೀರ್ಪನ್ನು ನಮ್ಮ ಕೋರ್ಟ್‌ಗಳು ಪಾಲಿಸಲೇಬೇಕು ಅಂತೇನಿಲ್ಲ, ಆದರೆ ಕೇಸನ್ನು ನೋಡುವ ಈ ರೀತಿಯನ್ನು ಇಲ್ಲಿಯೂ ಧೈರ್ಯವಾಗಿ ಬಳಸಬಹುದು.

ಹೆಸರು ಗೊತ್ತಾಗುವುದು ಹೇಗೆ ಅಂತ ಕೇಳ್ತೀರಿ ಅಲ್ವಾ? ಕಾಗದ ಕೇಳಿ. ಸೆಬಿ ವಿರುದ್ಧದ ಟಕಾನೊ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ 2022ರಲ್ಲಿ, ತನಿಖಾ ವರದಿಯನ್ನು ನೋಟಿಸ್ ಪಡೆದವರಿಗೆ ಕೊಡಬೇಕು ಅಂತ ಹೇಳಿತು. ಅದು ಒಳಗಿನ ದಾಖಲೆ ಅನ್ನುವ ವಾದ ನಡೆಯಲಿಲ್ಲ. ಆದರೆ ಮೂರನೆಯವರ ಖಾಸಗಿ ವಿವರದಂಥ ಭಾಗಗಳನ್ನು ಮುಚ್ಚಿ ಕೊಡಬಹುದು. ಪತ್ರದಲ್ಲಿ ಸುಮ್ನೆ ‘ಎಲ್ಲ ದಾಖಲೆ ಕೊಡಿ’ ಅನ್ನಬೇಡಿ. ತನಿಖಾ ವರದಿ, ನೋಟಿಸ್‌ಗೆ ಒಪ್ಪಿಗೆ ಕೊಟ್ಟವರ ಹೆಸರು, ಹುದ್ದೆ, ದಿನಾಂಕ ಅಂತ ಬಿಡಿಸಿ ಬರೆಯಿರಿ.

ಕೊನೆಯದು, ತಡ ಮಾಡಬೇಡಿ. 1957ರ ಮಾಣಕ್ ಲಾಲ್ ಪ್ರಕರಣದಲ್ಲಿ ಒಬ್ಬ ವಕೀಲರ ನಡವಳಿಕೆಯ ಬಗ್ಗೆ ವಿಚಾರಣೆ ಮಾಡಿದ ನ್ಯಾಯಮಂಡಳಿಯ ಅಧ್ಯಕ್ಷರು, ಹಿಂದೊಮ್ಮೆ ದೂರುದಾರರ ಪರ ವಾದಿಸಿದ್ದವರು. ಆಕ್ಷೇಪಣೆಯಲ್ಲಿ ಹುರುಳಿದೆ ಅಂತ ಸುಪ್ರೀಂ ಕೋರ್ಟ್ ಒಪ್ಪಿತು. ಆದರೂ ವಕೀಲರು ಸೋತರು. ವಿಷಯ ಮೊದಲೇ ಗೊತ್ತಿದ್ದೂ ಅವರು ಸುಮ್ಮನಿದ್ದು, ವರದಿ ತಮ್ಮ ವಿರುದ್ಧ ಬಂದ ಮೇಲೆ ಬಾಯಿಬಿಟ್ಟಿದ್ದರು. ಆದ್ದರಿಂದ ಎರಡು ಗೆರೆಯಲ್ಲಿ ಒಂದೇ ಹೆಸರು ಕಂಡ ದಿನವೇ ಆಕ್ಷೇಪಣೆಯನ್ನು ಬರವಣಿಗೆಯಲ್ಲಿ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಸ್ವೀಕೃತಿಯ ಸೀಲು ಹಾಕಿಸಿಕೊಂಡು ಬನ್ನಿ.