ವೈರಿಂಗ್ ನಕ್ಷೆಯಲ್ಲಿ ಗೀಸರ್ ಸಾಲನ್ನು ಓದುವ ಬಗೆ

ಕಾರವಾರದ ಕಡೆ ಹೊಸ ಮನೆ ಕಟ್ಟಿಸುತ್ತಿರುವವರು ಗೋಡೆಗೆ ಪ್ಲಾಸ್ಟರ್ ಆಗುವ ಮೊದಲೇ ವೈರಿಂಗ್ ನಕ್ಷೆಯಲ್ಲಿ ಗೀಸರ್‌ಗೆ ವಿದ್ಯುತ್ ಒಯ್ಯುವ ಸಾಲೊಂದನ್ನಾದರೂ ಬೆರಳಿಟ್ಟು ಓದಬೇಕು.

ಸಂಬಂಧಿಕರ ಮನೆಯ ನಕ್ಷೆಯಲ್ಲಿ ಆ ಸಾಲಿಗೆ 2.5 ಚದರ ಮಿ.ಮೀ. ತಾಮ್ರದ ತಂತಿಯನ್ನೂ, ಹೊರೆ ಮೀರಿದಾಗ ತಾನಾಗಿ ವಿದ್ಯುತ್ ಕಡಿಯುವ ಎಂಸಿಬಿಯನ್ನು 32 ಆಂಪಿಯರ್‌ನದೆಂದೂ ಬರೆದಿದ್ದರು. ಪದೇ ಪದೇ ಟ್ರಿಪ್ ಆಗಬಾರದೆಂಬುದು ಕೆಲಸದವರ ಸಮಜಾಯಿಷಿಯಾಗಿತ್ತು. ಆದರೆ ಎಂಸಿಬಿ ಇರುವುದು ಮೊದಲಿಗೆ ತಂತಿಯ ರಕ್ಷಣೆಗೆ. 2000 ವ್ಯಾಟ್‌ನ ಗೀಸರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಮಾತ್ರ ಎಳೆಯುವುದರಿಂದ 16 ಆಂಪಿಯರ್ ಧಾರಾಳವಾಗಿ ಸಾಕು. ಅದೇ ಸಾಲಿಗೆ ಮುಂದೆ ಯಾರಾದರೂ ಇನ್ನೊಂದು ಸಾಕೆಟ್ ಜೋಡಿಸಿ ಹೊರೆ 28 ಆಂಪಿಯರ್‌ಗೆ ಏರಿದರೆ, ಪೈಪಿನೊಳಗಿನ ತಂತಿ ಕಾದು ಹೊದಿಕೆ ಹಾಳಾಗುತ್ತಿದ್ದರೂ 32ರ ಎಂಸಿಬಿ ಸುಮ್ಮನಿರುತ್ತದೆ. ಆದ್ದರಿಂದ ಅದನ್ನು 16ಕ್ಕೆ ತಿದ್ದಿಸಿದೆವು.

ಒಂಟಿ ಗೆರೆಯ ನಕ್ಷೆಯಲ್ಲಿ ಗೆರೆಯನ್ನು ಕತ್ತರಿಸುವ ಸಣ್ಣ ಓರೆಗೆರೆಗಳು ಪೈಪಿನಲ್ಲಿರುವ ತಂತಿಗಳ ಸಂಖ್ಯೆಯನ್ನು ತೋರಿಸುತ್ತವೆ. ಗೀಸರ್ ಸಾಕೆಟ್‌ಗೆ ಹೋಗುವಲ್ಲಿ ಫೇಸ್, ನ್ಯೂಟ್ರಲ್, ಅರ್ಥಿಂಗ್ ಎಂದು ಮೂರಿರಬೇಕು. ಎರಡೇ ಇದ್ದರೆ ಅರ್ಥಿಂಗ್ ಬಿಟ್ಟುಹೋಗಿದೆ ಎಂದು ತಿಳಿದು ಕೇಳಿ. ಸ್ವಿಚ್ ಒಂದೇ ತಂತಿಯನ್ನು ಕಡಿಯುವಂಥದ್ದಾದರೆ ಅದು ಫೇಸ್ ಮೇಲೆಯೇ ಇರಬೇಕು, ಇಲ್ಲದಿದ್ದರೆ ಸ್ವಿಚ್ ಆರಿಸಿದ ಮೇಲೂ ಗೀಸರ್‌ನೊಳಗೆ ವಿದ್ಯುತ್ ಉಳಿದಿರುತ್ತದೆ.

ಮಳೆಗಾಲದಲ್ಲಿ ಗೋಡೆ ಬೆವರುವ ನಮ್ಮ ಕರಾವಳಿಯಲ್ಲಿ ಇದೇ ಸಾಲಿಗೆ ವಿದ್ಯುತ್ ಬರುವ ಕಡೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಇದೆಯೇ ಎಂಬುದನ್ನೂ ನೋಡಿಕೊಳ್ಳಿ. ಅದು ವಿದ್ಯುತ್ ಸೋರಿಕೆಯನ್ನಷ್ಟೇ ಹಿಡಿದು ಸಂಪರ್ಕ ಕಡಿಯುತ್ತದೆ, ಹೆಚ್ಚಿನ ಹೊರೆಯನ್ನಲ್ಲ.